ಎಷ್ಟು ಗಂಟೆ ಓದಬೇಕು ಎಂದು ಕೇಳಿದವಳಿಗೆ

“ಮಿಸ್, ಪ್ರಿಪರೇಟರಿಯಲ್ಲಿ ಗಣಿತಕ್ಕೆ 80ಕ್ಕೆ 26 ಬಂದಿದೆ. ಪರೀಕ್ಷೆಗೆ ಇನ್ನು ಆರು ವಾರ. ದಿನಕ್ಕೆ ಎಷ್ಟು ಗಂಟೆ ಓದಬೇಕು?”

ಹಾಸನದಲ್ಲಿ ಭಾನುವಾರ ಬೆಳಿಗ್ಗೆ ನಾವು ನಡೆಸುವ ಓದುಬಳಗದಲ್ಲಿ ಫೆಬ್ರವರಿ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳಿದವಳು ಆಲೂರಿನ ಕಡೆಯ ಹುಡುಗಿ. ಕನ್ನಡ ಮಾಧ್ಯಮ, ಸರ್ಕಾರಿ ಪ್ರೌಢಶಾಲೆ, ಹತ್ತನೆಯ ತರಗತಿ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಹುಡುಗರು ಉತ್ತರ ಕೊಟ್ಟಾಗಿತ್ತು. ಒಬ್ಬ ಆರು ಗಂಟೆ ಎಂದ, ಇನ್ನೊಬ್ಬ ನಾಲ್ಕು ಗಂಟೆಗೆ ಎದ್ದರೆ ಮಾತ್ರ ತಲೆಗೆ ಹತ್ತುತ್ತದೆ ಎಂದ. ಮತ್ತೊಬ್ಬ ‘ಪಾಸಿಂಗ್ ಪ್ಯಾಕೇಜ್’ ಎಂಬ ಬಿಡಿಸಿದ ಲೆಕ್ಕಗಳ ಕಂತೆಯನ್ನು ಬಾಯಿಪಾಠ ಮಾಡಿದರೆ ಸಾಕು ಎಂದ. ನಾನು ಕೇಳಿದ್ದು ಇಷ್ಟೇ: “ಆ ಉತ್ತರ ಪತ್ರಿಕೆ ಎಲ್ಲಿ?”

ಅದು ಅವಳ ಬಳಿ ಇತ್ತು, ಎರಡಾಗಿ ಮಡಚಿ ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟಿದ್ದಳು. ಅಂಕ ನೋಡಿದ ಮೇಲೆ ಅದನ್ನು ಮತ್ತೆ ತೆರೆದಿರಲಿಲ್ಲ. ಹೆಚ್ಚಿನ ಮಕ್ಕಳು ಮಾಡುವುದು ಹಾಗೆಯೇ. ತಿದ್ದಿ ಕೊಟ್ಟ ಉತ್ತರ ಪತ್ರಿಕೆಯನ್ನು ಅವಮಾನದ ಕಾಗದ ಎಂದು ಅಡಗಿಸಿಟ್ಟು, ಮೊದಲ ಅಧ್ಯಾಯದಿಂದ ‘ಓದಲು’ ಕೂರುತ್ತಾರೆ. ಮೊದಲ ಎರಡು ಅಧ್ಯಾಯ ನಾಲ್ಕು ಸಲ ಆಗುತ್ತದೆ, ಕೊನೆಯ ಐದು ಅಧ್ಯಾಯ ಒಂದು ಸಲವೂ ಆಗುವುದಿಲ್ಲ. ಗಂಟೆಯ ಲೆಕ್ಕ ಮಾತ್ರ ಸರಿಯಾಗಿರುತ್ತದೆ.

ಹಾಗಾಗಿ ಆ ದಿನ ನಾವು ಪಾಠ ಮಾಡಲಿಲ್ಲ, ಹೋದ ಅಂಕಗಳನ್ನು ಹುಡುಕಿದೆವು.

ಮೊದಲು ಪ್ರಶ್ನೆಪತ್ರಿಕೆಯ ಮೈಕಟ್ಟು ತಿಳಿದಿರಲಿ. ಈಚಿನ ವರ್ಷಗಳ ಎಸ್‌ಎಸ್‌ಎಲ್‌ಸಿ ಗಣಿತ ಪತ್ರಿಕೆಯಲ್ಲಿ 38 ಪ್ರಶ್ನೆಗಳು. ಒಂದು ಅಂಕದ ಬಹುಆಯ್ಕೆ ಎಂಟು, ಒಂದೇ ಅಂಕದ ನೇರ ಉತ್ತರದವು ಇನ್ನೆಂಟು, ಎರಡು ಅಂಕದವು ಎಂಟು, ಮೂರು ಅಂಕದವು ಒಂಬತ್ತು, ನಾಲ್ಕು ಅಂಕದವು ನಾಲ್ಕು, ಐದು ಅಂಕದ್ದು ಒಂದು. ಕೂಡಿದರೆ 80. ಪ್ರಶ್ನೆ ಓದಿಕೊಳ್ಳಲು ಹದಿನೈದು ನಿಮಿಷ, ಬರೆಯಲು ಮೂರು ಗಂಟೆ. ಮಕ್ಕಳಿಗೆ ಹೆದರಿಕೆ ಹುಟ್ಟಿಸುವುದು ನಾಲ್ಕು ಮತ್ತು ಐದು ಅಂಕದ ಪ್ರಶ್ನೆಗಳು. ಆದರೆ ಆ ಐದೂ ಪ್ರಶ್ನೆ ಸೇರಿದರೆ 21 ಅಂಕ, ಉಳಿದ 59 ಇರುವುದು ಸಣ್ಣ ಪ್ರಶ್ನೆಗಳಲ್ಲಿ. ಅವಳು ಕಳೆದುಕೊಂಡ 54 ಅಂಕಗಳಲ್ಲಿ ಹೆಚ್ಚಿನ ಪಾಲು ಹೋದದ್ದೂ ಅಲ್ಲೇ.

ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಅಕ್ಷರ ಬರೆಯಲು ಹೇಳಿದೆ. ಏನು ಕೇಳಿದ್ದಾರೆಂದೇ ತಿಳಿಯದೆ ಬಿಟ್ಟಿದ್ದರೆ ‘ಗ’, ಅಂದರೆ ಗೊತ್ತಿಲ್ಲ. ಶುರು ಮಾಡಿ ನಡುವೆ ನಿಂತುಹೋಗಿದ್ದರೆ ‘ಅ’, ಅರ್ಧ ಗೊತ್ತು. ದಾರಿ ಸರಿ, ಉತ್ತರ ತಪ್ಪು ಎಂದಾದರೆ ‘ಕ’, ಕೈತಪ್ಪು. ಅಕ್ಷರದ ಪಕ್ಕದಲ್ಲಿ ಅಲ್ಲಿ ಹೋದ ಅಂಕ. ಮುಕ್ಕಾಲು ಗಂಟೆಯ ಕೆಲಸ. ಕೂಡಿದಾಗ ಗೊತ್ತಿಲ್ಲದ್ದು 25, ಅರ್ಧ ಗೊತ್ತಿದ್ದದ್ದು 19, ಕೈತಪ್ಪು 10.

ಇಷ್ಟು ಹೊತ್ತು ತಲೆ ತಗ್ಗಿಸಿ ಕುಳಿತಿದ್ದವಳು ಆ ಮೂರು ಅಂಕಿಗಳನ್ನು ನೋಡಿ, “ಹಾಗಾದರೆ 29 ಅಂಕ ನನಗೆ ಗೊತ್ತಿದ್ದದ್ದೇ ಹೋಗಿದೆಯಾ ಮಿಸ್?” ಎಂದಳು. ಹೌದು, ಆದರೆ ಪೂರ್ತಿ ಹಾಗೂ ಅಲ್ಲ. ಅರ್ಧ ಗೊತ್ತಿದ್ದದ್ದೆಲ್ಲ ಆರು ವಾರದಲ್ಲಿ ಪೂರ್ತಿ ಗೊತ್ತಾಗುವುದಿಲ್ಲ. ಅದರಲ್ಲಿ ಸುಮಾರು ಎಂಟು ಅಂಕ ವಾಪಸು ಬಂದು, ಕೈತಪ್ಪುಗಳು ಬಹುಪಾಲು ನಿಂತರೆ 26 ಹೋಗಿ 44ರ ಆಸುಪಾಸಿಗೆ ಬರುತ್ತದೆ. ಗೊತ್ತಿಲ್ಲದ ರಾಶಿಯಿಂದ ಒಂದೆರಡು ವಿಷಯ ಕಲಿತರೆ 50 ಹತ್ತಿರವಾದೀತು. 75 ಆಗುವುದಿಲ್ಲ. ಆಗುತ್ತದೆ ಎಂದು ಹೇಳುವವರು ಸಿಕ್ಕೇ ಸಿಗುತ್ತಾರೆ, ಅವರ ಮಾತು ಕೇಳಿ ಎಲ್ಲ ಅಧ್ಯಾಯಗಳನ್ನೂ ಒಟ್ಟಿಗೆ ಹಿಡಿದರೆ 44 ಕೂಡ ಕೈ ಬಿಡುತ್ತದೆ.

ಈಗ ‘ಅ’ ರಾಶಿಗೆ ಬರೋಣ. ಅಲ್ಲಿದ್ದ ಒಂದು ಪ್ರಶ್ನೆ ಮಧ್ಯಾಂಕದ್ದು, ಮೂರು ಅಂಕ. ಅವಳ ಪತ್ರಿಕೆಯ ಅಂಕಿಗಳನ್ನು ಬಿಟ್ಟು ನಮ್ಮೂರಿನದೇ ಒಂದು ಲೆಕ್ಕ ಮಾಡಿಕೊಂಡೆವು. ಒಂದು ಕಾಫಿ ತೋಟದಲ್ಲಿ 50 ಜನ ಒಂದು ದಿನ ಕೊಯ್ದ ಹಣ್ಣಿನ ತೂಕ. 20ರಿಂದ 40 ಕಿಲೋ ಕೊಯ್ದವರು 6 ಜನ, 40ರಿಂದ 60ರವರೆಗೆ 11, 60ರಿಂದ 80ಕ್ಕೆ 16, 80ರಿಂದ 100ಕ್ಕೆ 12, 100ರಿಂದ 120ಕ್ಕೆ 5. ಸಂಚಿತ ಆವೃತ್ತಿ ಬರೆದರೆ 6, 17, 33, 45, 50. ಇಲ್ಲಿಯವರೆಗೆ ಅವಳು ಸರಿಯಾಗಿ ಬಂದಳು. n/2 ಅಂದರೆ 25, ಅದು ಬೀಳುವುದು 60–80ರ ವರ್ಗದಲ್ಲಿ ಎಂಬುದನ್ನೂ ಹೇಳಿದಳು. ಸೂತ್ರವೂ ಬಾಯಿಗೆ ಬಂತು:

ಮಧ್ಯಾಂಕ = l + ((n/2 − cf) / f) × h

ಇಲ್ಲಿ l ಎಂದರೆ ಆ ವರ್ಗದ ಕೆಳಮಿತಿ 60, f ಅದರಲ್ಲಿರುವ 16 ಜನ, h ವರ್ಗದ ಅಗಲ 20. ಬೆಲೆಗಳನ್ನು ಹಾಕುವಾಗ cf ಜಾಗಕ್ಕೆ 33 ಬರೆದಳು. 25ರಿಂದ 33 ಕಳೆದರೆ ಋಣ 8. ಅದನ್ನು 16ರಿಂದ ಭಾಗಿಸಿ 20ರಿಂದ ಗುಣಿಸಿದರೆ ಋಣ 10. ಉತ್ತರ 50. ಕೆಳಗೆ ಎರಡು ಗೆರೆ ಎಳೆದು ಮುಗಿಸಿದಳು.

ಇಲ್ಲಿ ನಾನು ‘cf ಎಂದರೆ ಹಿಂದಿನ ವರ್ಗದ ಸಂಚಿತ ಆವೃತ್ತಿ, 17 ಹಾಕಬೇಕಿತ್ತು’ ಎಂದು ಹೇಳಿ ಮುಂದೆ ಹೋಗಬಹುದಿತ್ತು. ಶಾಲೆಯಲ್ಲಿ ಅವಳಿಗೆ ಅದನ್ನು ಹೇಳಿದ್ದಾರೆ, ಗೈಡಿನಲ್ಲಿಯೂ ಬರೆದಿದೆ. ಹೇಳಿದ್ದು ನಿಲ್ಲುವುದಿಲ್ಲ, ಏಕೆಂದರೆ ‘ಹಿಂದಿನದು’ ಏಕೆ ಎಂಬುದು ಅವಳಿಗೆ ಗೊತ್ತಿಲ್ಲ. ಹಾಗಾಗಿ ಸೂತ್ರವನ್ನು ಮುಚ್ಚಿಟ್ಟು ಜನರನ್ನು ಸಾಲಾಗಿ ನಿಲ್ಲಿಸಲು ಹೇಳಿದೆ. ಕಡಿಮೆ ಕೊಯ್ದವರು ಮುಂದೆ, ಹೆಚ್ಚು ಕೊಯ್ದವರು ಹಿಂದೆ. ನಮಗೆ ಬೇಕಾದದ್ದು 25ನೆಯವರು ನಿಂತ ಜಾಗ. 60 ಕಿಲೋ ಮುಟ್ಟದವರು ಎಷ್ಟು ಜನ? 17. ಅವರನ್ನು ದಾಟಿದ ಮೇಲೆ 25 ತಲುಪಲು ಇನ್ನೆಷ್ಟು ಜನ ಬೇಕು? ಎಂಟು. ಮುಂದಿನ ಗುಂಪಿನಲ್ಲಿ ಇರುವವರು 16. ಹದಿನಾರರಲ್ಲಿ ಎಂಟು ಎಂದರೆ ಅರ್ಧ. ಆ ಗುಂಪು 60ರಿಂದ 80ರವರೆಗೆ ಸಮನಾಗಿ ಹರಡಿದೆ ಎಂದುಕೊಂಡರೆ ಅರ್ಧ ದಾರಿಯಲ್ಲಿ ಸಿಗುವುದು 70. ಸೂತ್ರ ಹೇಳುವುದೂ ಇದನ್ನೇ, 60 + (8/16) × 20. ಸೂತ್ರವನ್ನು ಅವಳೇ ಮತ್ತೆ ಬರೆದಳು. ಈ ಸಲ cf ಎಂದರೆ ‘ಈಗಾಗಲೇ ದಾಟಿದವರು’ ಎಂದಾಯಿತು. ದಾಟಿದವರ ಲೆಕ್ಕಕ್ಕೆ ಇನ್ನೂ ದಾಟಬೇಕಾದ ಗುಂಪನ್ನು ಸೇರಿಸಲು ಯಾರ ಕೈಯೂ ಬರುವುದಿಲ್ಲ.

ಜೊತೆಗೆ ಪರೀಕ್ಷೆಯ ಕೊಠಡಿಯಲ್ಲಿ ಯಾರನ್ನೂ ಕೇಳದೆ ತಾನೇ ತಪ್ಪು ಹಿಡಿಯುವ ಉಪಾಯವೂ ಸಿಕ್ಕಿತು. ಮಧ್ಯಾಂಕ 60–80ರ ವರ್ಗದಲ್ಲಿದೆ ಎಂದು ನಾವೇ ಮೊದಲು ಬರೆದಿದ್ದೇವೆ. ಮೂರು ಸಾಲಿನ ನಂತರ ಉತ್ತರ 50 ಎಂದರೆ ನಮ್ಮ ಮಾತಿಗೆ ನಾವೇ ವಿರುದ್ಧ. ಮಧ್ಯಾಂಕ ತನ್ನ ವರ್ಗದ ಹೊರಗೆ ಬಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ, ಬೇರೆ ಸಾಧ್ಯತೆ ಇಲ್ಲ.

ಆದರೂ ಅವಳಿಗೆ ಬಂತು ಎಂದು ನಾನು ಒಪ್ಪಲಿಲ್ಲ. ಈ ಲೆಕ್ಕಕ್ಕೆ ಒಂದು ದೋಷವಿದೆ. ಇಲ್ಲಿ ಅತಿ ಹೆಚ್ಚು ಜನ ಇರುವ ವರ್ಗವೂ 60–80, ಮಧ್ಯಾಂಕ ಬೀಳುವ ವರ್ಗವೂ ಅದೇ. ಬಹುಲಕ ಮತ್ತು ಮಧ್ಯಾಂಕವನ್ನು ಗೊಂದಲ ಮಾಡಿಕೊಂಡ ಹುಡುಗನಿಗೂ ವರ್ಗ ಸರಿಯಾಗಿಯೇ ಸಿಗುತ್ತದೆ, ಅವನ ಗೊಂದಲ ಹೊರಬೀಳುವುದೇ ಇಲ್ಲ. ಹಾಗಾಗಿ ಜನರ ಸಂಖ್ಯೆ ಬದಲಿಸಿ 15, 8, 12, 10, 5 ಎಂದು ಕೊಟ್ಟೆ. ಈಗ ಹೆಚ್ಚು ಜನ ಇರುವುದು ಮೊದಲ ವರ್ಗದಲ್ಲಿ, ಮಧ್ಯಾಂಕ ಇರುವುದು ಮಾತ್ರ ಮೂರನೆಯದರಲ್ಲೇ. ಅವಳು ಮೊದಲ ವರ್ಗದ ಕಡೆಗೆ ಬೆರಳು ತೋರಿಸಿ, ಮತ್ತೆ ತಾನೇ ಹಿಂದೆಗೆದುಕೊಂಡು 15, 23, 35 ಎಂದು ಕೂಡತೊಡಗಿದಳು. ಆಗ ‘ಅ’ ಅಳಿಸಲು ಹೇಳಿದೆ.

ನಾಲ್ಕು ಅಂಕದ ನಕ್ಷೆಯ ಲೆಕ್ಕದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯವಾಗಿದೆ. ಎರಡು ಸಮೀಕರಣ ಕೊಟ್ಟು ನಕ್ಷಾಕ್ರಮದಿಂದ ಬಿಡಿಸಿ ಎನ್ನುವ ಈ ಪ್ರಶ್ನೆಯನ್ನು ಪಾಸಿಂಗ್ ಪ್ಯಾಕೇಜಿನಲ್ಲಿ ಮೊದಲ ಸಾಲಿನಲ್ಲೇ ಹಾಕಿರುತ್ತಾರೆ, ‘ಖಚಿತ ನಾಲ್ಕು ಅಂಕ’ ಎಂಬ ಷರಾ ಸಮೇತ. ಅವಳಿಗೆ ಅಲ್ಲಿ ಸಿಕ್ಕಿದ್ದು ಒಂದೂವರೆ. ಸಮೀಕರಣಗಳು 2x + y = 6 ಮತ್ತು 2x − y = 2. ಮೊದಲನೆಯದಕ್ಕೆ y = 6 − 2x ಎಂದು ಬರೆದು (0, 6), (1, 4), (2, 2) ಎಂಬ ಬಿಂದುಗಳನ್ನು ಸರಿಯಾಗಿ ಗುರುತಿಸಿದ್ದಳು. ಎರಡನೆಯದಕ್ಕೆ y = 2 − 2x ಎಂದು ಬರೆದಿದ್ದಳು. ಬಿಂದುಗಳು (0, 2), (1, 0), (2, −2). ಗೆರೆ ಎಳೆದಳು. ಎರಡು ಗೆರೆಗಳೂ ರೈಲು ಹಳಿಯಂತೆ ಒಂದರ ಪಕ್ಕದಲ್ಲೊಂದು ಓಡಿದವು, ಎಲ್ಲಿಯೂ ಸೇರಲಿಲ್ಲ. ಅಳಿಸಿದಳು, ಮತ್ತೆ ಎಳೆದಳು. ಕಾಗದ ಸವೆದಿದ್ದು ಕಾಣುತ್ತಿತ್ತು. ಕೊನೆಗೆ ಹಾಗೆಯೇ ಬಿಟ್ಟಿದ್ದಳು.

ಮಕ್ಕಳಿಗೆ ನಾವು ಹೇಳಿಕೊಡುವ ಒಂದು ತಾಳೆ ಇದೆ: ಎರಡು ಬಿಂದು ಸಾಲದು, ಮೂರನೆಯದನ್ನೂ ತೆಗೆದುಕೋ, ಮೂರೂ ಒಂದೇ ಗೆರೆಯಲ್ಲಿ ಬಂದರೆ ಸರಿ. ಅವಳು ಅದನ್ನು ಪಾಲಿಸಿದ್ದಳು, ಮೂರೂ ಒಂದೇ ಗೆರೆಯಲ್ಲಿ ಬಂದಿದ್ದವು. ಆದರೂ ತಪ್ಪು. ಏಕೆಂದರೆ ಆ ತಾಳೆ ಹಿಡಿಯುವುದು ಕೂಡುವ ಕಳೆಯುವ ತಪ್ಪನ್ನು. ಸಮೀಕರಣವನ್ನೇ ತಪ್ಪಾಗಿ ತಿರುಗಿಸಿಕೊಂಡಿದ್ದರೆ ಆ ತಪ್ಪು ಸಮೀಕರಣದ ಬಿಂದುಗಳೆಲ್ಲ ಒಂದೇ ಗೆರೆಯ ಮೇಲೆ ಅಚ್ಚುಕಟ್ಟಾಗಿ ಕೂರುತ್ತವೆ. ಹಿಡಿಯಬೇಕಾದರೆ ಬಿಂದುವನ್ನು ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಗಿರುವ ಮೂಲ ಸಮೀಕರಣಕ್ಕೇ ಹಾಕಬೇಕು. x ಜಾಗಕ್ಕೆ 0, y ಜಾಗಕ್ಕೆ 2 ಹಾಕಿದರೆ 2x − y ಎಂಬುದು ಋಣ 2 ಆಗುತ್ತದೆ, ಪ್ರಶ್ನೆ ಕೇಳಿದ್ದು ಧನ 2. ಹತ್ತು ಸೆಕೆಂಡಿನ ಕೆಲಸ. −y = 2 − 2x ಎಂಬಲ್ಲಿಂದ y ಗೆ ಬರುವಾಗ ಎಲ್ಲ ಚಿಹ್ನೆಗಳೂ ಬದಲಾಗಬೇಕು, y = 2x − 2. ಆಗ ಬಿಂದುಗಳು (0, −2), (1, 0), (2, 2). ಗೆರೆಗಳು (2, 2)ರಲ್ಲಿ ಸೇರುತ್ತವೆ, ಅದೇ ಉತ್ತರ.

ಇದಕ್ಕೆ ಅವಳು ‘ಕ’ ಎಂದು ಬರೆದಿದ್ದಳು. ಕೈತಪ್ಪು, ಅವಸರದಲ್ಲಿ ಆಯಿತು ಎಂದಳು. ಪತ್ರಿಕೆಯ ಪುಟ ತಿರುಗಿಸಿದರೆ ವರ್ಗ ಸಮೀಕರಣದಲ್ಲೂ ಅದೇ. 2x² − 5x − 3 = 0 ಎಂಬುದಕ್ಕೆ b² − 4ac ಬರೆಯುವಾಗ 25 − 24 = 1 ಎಂದಿದ್ದಳು. c ಋಣ 3 ಆದ್ದರಿಂದ ಅದು 25 + 24, ಅಂದರೆ 49 ಆಗಬೇಕು. 49ರ ವರ್ಗಮೂಲ 7, ಮೂಲಗಳು 3 ಮತ್ತು −1/2. ಅವಳಿಗೆ ಬಂದದ್ದು 3/2 ಮತ್ತು 1. ಒಂದು ಬಹುಆಯ್ಕೆ ಪ್ರಶ್ನೆಯಲ್ಲಿಯೂ ಋಣ ಚಿಹ್ನೆಯೇ ಕೈಕೊಟ್ಟಿತ್ತು. ಒಂದೇ ಬಗೆಯ ತಪ್ಪು ಒಂದೇ ಪತ್ರಿಕೆಯಲ್ಲಿ ಮೂರು ಕಡೆ ಬಂದರೆ ಅದನ್ನು ಕೈತಪ್ಪು ಎಂದು ನಾನು ಒಪ್ಪುವುದಿಲ್ಲ. ಅದು ಆರನೆಯೋ ಏಳನೆಯೋ ತರಗತಿಯಲ್ಲಿ ಸರಿಯಾಗಿ ಕೂರದೆ ಉಳಿದ ಪಾಠ. ‘ಇನ್ನು ಮೇಲೆ ಎಚ್ಚರಿಕೆಯಿಂದ ಬರೆಯುತ್ತೇನೆ’ ಎಂಬ ಸಂಕಲ್ಪದಿಂದ ಅದು ಹೋಗುವುದಿಲ್ಲ. ನಿಜವಾದ ಕೈತಪ್ಪನ್ನು ಗುರುತಿಸುವುದು ಸುಲಭ: ಹಳೆಯ ಉತ್ತರವನ್ನು ತೋರಿಸದೆ ಅದೇ ಲೆಕ್ಕವನ್ನು ಇನ್ನೊಮ್ಮೆ ಕೊಟ್ಟರೆ ಸರಿಯಾಗಿ ಬರುತ್ತದೆ. ಅವಳಿಗೆ ಕೊಟ್ಟಾಗ ಮತ್ತೆ 25 − 24 ಎಂದೇ ಬಂತು. ಹಾಗಾಗಿ ಆರು ವಾರವೂ ಬೆಳಿಗ್ಗೆ ಮೊದಲ ಹತ್ತು ನಿಮಿಷ ಋಣ ಸಂಖ್ಯೆಗಳಿಗೇ ಮೀಸಲು. ಹತ್ತನೆಯ ತರಗತಿಯವರಿಗೆ ಇದು ನಾಚಿಕೆ ಎನಿಸುತ್ತದೆ, ಗೊತ್ತು. ಆದರೆ ಅವಳ ಪತ್ರಿಕೆಯಲ್ಲಿ ಯಾವ ಅಧ್ಯಾಯಕ್ಕಿಂತ ಹೆಚ್ಚು ಅಂಕ ತಿಂದಿರುವುದು ಆ ಪುಟ್ಟ ಗೆರೆಯೇ.

ಪಾಸಿಂಗ್ ಪ್ಯಾಕೇಜಿನ ಬಗ್ಗೆ ಒಂದು ಮಾತು. ಅದನ್ನು ಸಿದ್ಧಪಡಿಸುವ ಶಿಕ್ಷಕರ ಬಗ್ಗೆ ನನಗೆ ಗೌರವವಿದೆ. ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯದ ಮಗುವಿಗೆ ಹದಿನೈದು ಪುಟದ ಆ ಕಂತೆ ದೊಡ್ಡ ಆಸರೆ. ತೊಂದರೆ ಇರುವುದು ಅದನ್ನು ಬಳಸುವ ರೀತಿಯಲ್ಲಿ. ಬಿಡಿಸಿದ ಲೆಕ್ಕವನ್ನು ಓದುವಾಗ ಪ್ರತಿ ಸಾಲೂ ಸಲೀಸಾಗಿ ಅರ್ಥವಾಗುತ್ತದೆ, ಹತ್ತು ಲೆಕ್ಕ ಅರ್ಧ ಗಂಟೆಯಲ್ಲಿ ‘ಮುಗಿಯುತ್ತದೆ’, ಬಂತು ಎಂಬ ಭಾವನೆ ಹುಟ್ಟುತ್ತದೆ. ಬಂದಿರುವುದಿಲ್ಲ. ಪರೀಕ್ಷಿಸುವುದು ಹೀಗೆ: ಲೆಕ್ಕದ ಪ್ರಶ್ನೆಯನ್ನಷ್ಟೇ ಖಾಲಿ ಹಾಳೆಯ ಮೇಲೆ ಬರೆದು, ಪುಸ್ತಕವನ್ನು ಇನ್ನೊಂದು ಕೋಣೆಯಲ್ಲಿಟ್ಟು ಬಂದು ಬಿಡಿಸಬೇಕು. ಎಲ್ಲಿ ನಿಲ್ಲುತ್ತದೋ ಅಲ್ಲಿ ಗೆರೆ ಎಳೆದು, ಆಗ ಪುಸ್ತಕ ನೋಡಿ, ಬೇಕಾದ ಆ ಒಂದು ಸಾಲನ್ನಷ್ಟೇ ಓದಿ, ಮತ್ತೆ ಮುಚ್ಚಿ ಮುಂದುವರಿಯಬೇಕು. ಮರುದಿನ ಅದೇ ಲೆಕ್ಕ, ಅಂಕಿ ಬದಲಿಸಿ. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಮೂರನೆಯ ಸಲ ಪುಸ್ತಕ ನೋಡದೆ ಬಂದರೆ ಮಾತ್ರ ಅದು ನಿನ್ನದು ಎಂದೆ.

ಇನ್ನೊಂದು ಸೂಕ್ಷ್ಮವಿದೆ, ಇದು ಚೆನ್ನಾಗಿ ಓದುವ ಮಕ್ಕಳನ್ನೂ ಕಾಡುತ್ತದೆ. ಪಠ್ಯಪುಸ್ತಕದ ಅಭ್ಯಾಸದಲ್ಲಿ ಸಮಾಂತರ ಶ್ರೇಢಿಯ ಹತ್ತು ಲೆಕ್ಕ ಸಾಲಾಗಿ ಇರುತ್ತವೆ. ಹತ್ತನೆಯದಕ್ಕೆ ಬರುವ ಹೊತ್ತಿಗೆ ಪ್ರಶ್ನೆ ಓದುವ ಅಗತ್ಯವೇ ಇರುವುದಿಲ್ಲ, ಕೈ ತಾನಾಗಿ a, d, n ಹುಡುಕುತ್ತದೆ. ಪರೀಕ್ಷೆಯಲ್ಲಿ ಮೇಲೊಂದು ಸಂಭವನೀಯತೆ, ಕೆಳಗೊಂದು ತ್ರಿಭುಜ, ನಡುವೆ ಈ ಲೆಕ್ಕ. ಇದು ಯಾವ ಅಧ್ಯಾಯದ್ದು ಎಂದು ಗುರುತಿಸುವುದೇ ಅಲ್ಲಿ ಅರ್ಧ ಕೆಲಸ, ಆ ಅರ್ಧವನ್ನು ಮನೆಯಲ್ಲಿ ಯಾರೂ ಅಭ್ಯಾಸ ಮಾಡಿರುವುದಿಲ್ಲ. ಅಮೆರಿಕದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಎಂಬ ಸಂಶೋಧಕರು 2007ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಘನಾಕೃತಿಗಳ ಘನಫಲದ ಲೆಕ್ಕಗಳನ್ನು ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ಬಗೆಬಗೆಯಾಗಿ ವಿಂಗಡಿಸಿ ಕೊಟ್ಟರು, ಇನ್ನೊಂದು ಗುಂಪಿಗೆ ಕಲಸಿ ಕೊಟ್ಟರು. ಅಭ್ಯಾಸದ ವೇಳೆ ವಿಂಗಡಿಸಿ ಮಾಡಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷೆ ಇಟ್ಟಾಗ ಕಲಸಿ ಮಾಡಿದವರು ಅವರನ್ನು ಬಹಳ ಹಿಂದೆ ಹಾಕಿದರು. ಅಭ್ಯಾಸ ಕಷ್ಟವಾದಷ್ಟೂ ‘ನನಗೆ ಬರುತ್ತಿಲ್ಲ’ ಎನಿಸುತ್ತದೆ, ಆ ಅನಿಸಿಕೆ ನಂಬಲರ್ಹವಲ್ಲ ಎಂಬುದೇ ಅದರ ತಾತ್ಪರ್ಯ.

ನಮ್ಮ ಬಳಗದಲ್ಲಿ ಇದಕ್ಕೆ ಬಿಸ್ಕತ್ತಿನ ಹಳೆಯ ಡಬ್ಬ ಸಾಕಾಗಿದೆ. ಹಳೆಯ ಪತ್ರಿಕೆಗಳ ಎರಡು, ಮೂರು ಅಂಕದ ಪ್ರಶ್ನೆಗಳನ್ನು ಚೀಟಿಯ ಮೇಲೆ ಬರೆದು, ಅಧ್ಯಾಯದ ಹೆಸರು ಬರೆಯದೆ, ಡಬ್ಬಕ್ಕೆ ಹಾಕುವುದು. ಕೈಹಾಕಿ ತೆಗೆದದ್ದನ್ನು ಬಿಡಿಸುವುದು. ಬಿಡಿಸುವ ಮೊದಲು ‘ಇದು ಇಂಥದ್ದು, ಏಕೆಂದರೆ’ ಎಂದು ಒಂದು ವಾಕ್ಯ ಹೇಳುವುದು ಕಡ್ಡಾಯ. ಆ ‘ಏಕೆಂದರೆ’ ಹೊರಡದಿದ್ದರೆ ಲೆಕ್ಕ ಬಿಡಿಸಿದರೂ ಚೀಟಿ ಡಬ್ಬಕ್ಕೆ ವಾಪಸು.

ಈಗ ಅವಳು ಕೇಳಿದ ಗಂಟೆಗಳ ಪ್ರಶ್ನೆ. ಅವಳ ಊರಿನಲ್ಲಿ ಕಾಡಾನೆ ಕಾಟ. ಶಾಲೆ ಬಿಟ್ಟ ಮೇಲೆ ವಿಶೇಷ ತರಗತಿಗೆ ಉಳಿದರೆ ಕತ್ತಲಾಗುವ ಮೊದಲು ಮನೆ ಸೇರುವುದು ಕಷ್ಟ, ಅರಣ್ಯ ಇಲಾಖೆಯವರು ಆನೆ ಬಂದಿದೆ ಎಂದು ತಿಳಿಸಿದ ದಿನವಂತೂ ಉಳಿಯುವ ಮಾತೇ ಇಲ್ಲ. ರೊಬಸ್ಟಾ ಕೊಯ್ಲಿನ ಕಾಲ, ಅಪ್ಪ ಅಮ್ಮ ಇಬ್ಬರೂ ತೋಟಕ್ಕೆ ಹೋಗುತ್ತಾರೆ, ಸಂಜೆಯ ಅಡುಗೆ ಇವಳದು. ಇನ್ನೂ ಐದು ವಿಷಯಗಳಿವೆ. ಇಂಥವಳಿಗೆ ಗಣಿತಕ್ಕೆ ಆರು ಗಂಟೆ ಎಂದು ಹೇಳುವವರು ಅವಳ ಮನೆಯನ್ನು ನೋಡಿಲ್ಲ. ಅವಳೇ ಲೆಕ್ಕ ಹಾಕಿ ಹೇಳಿದ್ದು, ಬೆಳಿಗ್ಗೆ ಐದರಿಂದ ಆರು ಗಂಟೆಯವರೆಗೆ ಯಾರ ತೊಂದರೆಯೂ ಇಲ್ಲದ ಒಂದು ಗಂಟೆ ಮತ್ತು ಶಾಲೆಯಲ್ಲಿ ಊಟದ ಬಿಡುವಿನ ಕೊನೆಯ ಹದಿನೈದು ನಿಮಿಷ. ಸಾಕು ಎಂದೆ. ಬೆಳಿಗ್ಗೆ ಹತ್ತು ನಿಮಿಷ ಋಣ ಸಂಖ್ಯೆ, ಉಳಿದದ್ದು ‘ಅ’ ರಾಶಿಯ ಒಂದು ಲೆಕ್ಕ ಮತ್ತು ಅದರ ಮರುಬರಹ. ಊಟದ ಬಿಡುವಿನಲ್ಲಿ ಗೆಳತಿಯೊಂದಿಗೆ ಎರಡು ಚೀಟಿ. ಬೆಳಗಿನ ಗಂಟೆ ಬೇಕು ಎಂದಾದರೆ ರಾತ್ರಿ ಒಂಬತ್ತೂವರೆಗೆ ಮಲಗಲೇಬೇಕು. ಹನ್ನೆರಡರವರೆಗೆ ಎದ್ದಿದ್ದು ನಾಲ್ಕಕ್ಕೆ ಏಳುವ ಶೂರರು ಪರೀಕ್ಷೆಯ ದಿನ ಪ್ರಶ್ನೆಯಲ್ಲಿರುವ 36ನ್ನು ಉತ್ತರದಲ್ಲಿ 63 ಎಂದು ಬರೆಯುವುದನ್ನು ಮೌಲ್ಯಮಾಪನದ ಮೇಜಿನಲ್ಲಿ ಕುಳಿತು ಬೇಕಾದಷ್ಟು ನೋಡಿದ್ದೇನೆ.

ಮೊದಲ ಎರಡು ವಾರ ಅರ್ಧ ಗೊತ್ತಿದ್ದದ್ದಕ್ಕೆ ಮಾತ್ರ. ನಡುವಿನ ಎರಡು ವಾರದಲ್ಲಿ ‘ಗ’ ರಾಶಿಯಿಂದ ಎರಡೇ ವಿಷಯ. ಅವಳಿಗೆ ನಾನು ಸೂಚಿಸಿದ್ದು ಸಂಭವನೀಯತೆ ಮತ್ತು ನಿರ್ದೇಶಾಂಕ ರೇಖಾಗಣಿತ. ಎರಡಕ್ಕೂ ಹಿಂದಿನ ಅಧ್ಯಾಯಗಳ ಹಂಗು ಕಡಿಮೆ, ಒಂದೆರಡು ಸೂತ್ರದಲ್ಲಿ ಕೆಲಸ ನಡೆಯುತ್ತದೆ. ತ್ರಿಕೋನಮಿತಿಯ ನಿತ್ಯಸಮೀಕರಣ ಸಾಧಿಸುವ ಪ್ರಶ್ನೆಗಳನ್ನು ಈ ಸಲಕ್ಕೆ ಬಿಟ್ಟುಬಿಡು ಎಂದೆ, ಅವು ಬೀಜಗಣಿತದ ಹಿಡಿತ ಬೇಡುತ್ತವೆ, ಆ ಹಿಡಿತ ಎರಡು ವಾರದಲ್ಲಿ ಬರುವುದಿಲ್ಲ. ಬಿಡು ಎಂದು ಶಿಕ್ಷಕರ ಬಾಯಲ್ಲಿ ಕೇಳಿ ಅವಳಿಗೆ ಆಶ್ಚರ್ಯವಾಯಿತು. ಬಿಡುವುದನ್ನು ಈಗಲೇ ತೀರ್ಮಾನಿಸಿದರೆ ಪರೀಕ್ಷೆಯ ಕೊಠಡಿಯಲ್ಲಿ ಅದರ ಮುಂದೆ ಕುಳಿತು ಇಪ್ಪತ್ತು ನಿಮಿಷ ಕಳೆಯುವುದು ತಪ್ಪುತ್ತದೆ.

ಕೊನೆಯ ಎರಡು ವಾರ ಪೂರ್ತಿ ಪತ್ರಿಕೆಗಳು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಸಿಗುತ್ತವೆ, ಹಳೆಯ ಪತ್ರಿಕೆಗಳು ಶಾಲೆಯಲ್ಲಿಯೇ ಇರುತ್ತವೆ. ಭಾನುವಾರ ಬಳಗಕ್ಕೆ ಬಂದು ಮೂರು ಗಂಟೆ ಗಡಿಯಾರ ಇಟ್ಟುಕೊಂಡು ಬರೆಯುವುದು, ಒಬ್ಬರ ಪತ್ರಿಕೆಯನ್ನು ಇನ್ನೊಬ್ಬರು ತಿದ್ದುವುದು. ತಿದ್ದುವಾಗ ಮಾದರಿ ಉತ್ತರದಲ್ಲಿ ಅಂಕ ಹೇಗೆ ಹಂಚಿದ್ದಾರೆ ಎಂಬುದು ಕಣ್ಣಿಗೆ ಬೀಳುತ್ತದೆ. ಸೂತ್ರಕ್ಕೆ ಅರ್ಧ, ಬೆಲೆ ಹಾಕಿದ್ದಕ್ಕೆ ಅರ್ಧ, ಹೀಗೆ ಹಂತ ಹಂತವಾಗಿ ಅಂಕ ಬೀಳುತ್ತದೆ. ಪ್ರಮೇಯದಲ್ಲಿ ಸಾಧನೆ ಪೂರ್ತಿ ಮರೆತರೂ ಚಿತ್ರ, ದತ್ತ, ಸಾಧನೀಯ ಬರೆದವನಿಗೆ ಏನಾದರೂ ಸಿಗುತ್ತದೆ, ಖಾಲಿ ಬಿಟ್ಟವನಿಗೆ ಸೊನ್ನೆ. ಈ ಮಾತನ್ನು ತರಗತಿಯಲ್ಲಿ ನೂರು ಸಲ ಹೇಳಿದರೂ ಹತ್ತದು, ಗೆಳತಿಯ ಖಾಲಿ ಜಾಗಕ್ಕೆ ತಾನೇ ಸೊನ್ನೆ ಹಾಕಿದಾಗ ಹತ್ತುತ್ತದೆ. ಸಮಯದ ಲೆಕ್ಕವೂ ಹಾಗೆಯೇ. ಅಂಕವೊಂದಕ್ಕೆ ಎರಡು ನಿಮಿಷ ಎಂದುಕೊಂಡರೆ 80 ಅಂಕಕ್ಕೆ 160 ನಿಮಿಷ, ತಾಳೆ ನೋಡಲು ಇಪ್ಪತ್ತು ನಿಮಿಷ ಉಳಿಯುತ್ತದೆ. ಮೂರು ಅಂಕದ ಲೆಕ್ಕ ಆರು ನಿಮಿಷ ದಾಟಿದರೆ ಅರ್ಧ ಪುಟ ಜಾಗ ಬಿಟ್ಟು ಮುಂದಕ್ಕೆ.

ಒಟ್ಟಿಗೆ ಓದುವುದರಲ್ಲಿ ಒಂದು ಅಪಾಯವೂ ಇದೆ. ಚುರುಕಾದ ಒಬ್ಬ ಹುಡುಗ ಹಲಗೆಯ ಮೇಲೆ ಬಿಡಿಸುತ್ತಾನೆ, ಉಳಿದವರು ತಲೆಯಾಡಿಸುತ್ತಾರೆ, ಎಲ್ಲರಿಗೂ ಬಂದಂತೆ ಎನಿಸುತ್ತದೆ. ಹಾಗಾಗಿ ನಮ್ಮಲ್ಲಿ ಸೀಮೆಸುಣ್ಣ ಹಿಡಿಯುವುದು ಗೊತ್ತಿರುವವನಲ್ಲ, ಸಿಕ್ಕಿಹಾಕಿಕೊಂಡವನು. ಗೊತ್ತಿರುವವನು ಪ್ರಶ್ನೆ ಮಾತ್ರ ಕೇಳಬಹುದು, ಉತ್ತರ ಹೇಳುವಂತಿಲ್ಲ. ಆರು ಗಂಟೆ ಓದು ಎಂದು ಸಲಹೆ ಕೊಟ್ಟವನಿಗೇ ಆ ದಿನ ಈ ನಿಯಮ ಎಲ್ಲರಿಗಿಂತ ಕಷ್ಟವಾಯಿತು.

ಹೊರಡುವಾಗ ಅವಳು ಕೇಳಿದ್ದು, “ಆದರೂ ಆಗದಿದ್ದರೆ ಮಿಸ್?” 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಯಾವುದರಲ್ಲಿ ಹೆಚ್ಚು ಬಂತೋ ಆ ಅಂಕ ಉಳಿಯುತ್ತದೆ. ಮಾರ್ಚಿನಲ್ಲಿ ಕೈಕೊಟ್ಟರೆ ವರ್ಷ ಹಾಳಾಗುವುದಿಲ್ಲ ಎಂದು ತಿಳಿಸಿದೆ. ಆದರೆ ಎರಡನೆಯದಿದೆ ಎಂದು ಮೊದಲನೆಯದನ್ನು ಸಡಿಲ ಬಿಡುವವರಿಗೆ ನಡುವೆ ಸಿಗುವುದು ಕೆಲವೇ ವಾರ, ಆಗ ಶಾಲೆಯೂ ಇರುವುದಿಲ್ಲ, ಗೆಳತಿಯರೂ ಇರುವುದಿಲ್ಲ. ಮೊದಲನೆಯದನ್ನು ಪೂರ್ತಿ ಬರೆದು, ಮನೆಗೆ ಬಂದ ದಿನವೇ ಪ್ರಶ್ನೆಪತ್ರಿಕೆಯ ಮೇಲೆ ಗ, ಅ, ಕ ಎಂದು ಗುರುತು ಹಾಕಿಟ್ಟುಕೊಂಡರೆ ಎರಡನೆಯದಕ್ಕೆ ಬೇಕಾದ ತಯಾರಿ ಅಲ್ಲಿಂದಲೇ ಶುರುವಾಗುತ್ತದೆ.

ಮುಂದಿನ ಭಾನುವಾರ ಬರುವಾಗ ಮಧ್ಯಾಂಕದ ಎರಡು ಲೆಕ್ಕ, ನಕ್ಷೆಯ ಎರಡು ಲೆಕ್ಕ, ಪುಸ್ತಕ ಮುಚ್ಚಿ ಬಿಡಿಸಿದ್ದು, ತಪ್ಪುಗಳನ್ನು ಅಳಿಸದೆ ತರಬೇಕು ಎಂದು ಹೇಳಿದ್ದೇನೆ. ನಕ್ಷೆ ಹಾಳೆಗೆ ಅಂಗಡಿಗೆ ಹೋಗಬೇಡ, ಚೌಕುಳಿ ನೋಟ್‌ಬುಕ್ಕಿನ ಹಾಳೆ ನಡೆಯುತ್ತದೆ ಎಂದೂ ಹೇಳಿದೆ.